ಹತ್ತಿರದ ಬಿಂದು ಹುಡುಕಲು ಜಿಯೋಹ್ಯಾಶ್: ಅನುಭವದ ಏಳು ಪಾಠಗಳು

ಬಾಡಿಗೆ ಟ್ರ್ಯಾಕ್ಟರ್ ಬೇಕಾದ ರೈತರಿಗೆ ಸುತ್ತಮುತ್ತಲಿನ ಟ್ರ್ಯಾಕ್ಟರ್ ಮಾಲೀಕರನ್ನು ತೋರಿಸುವ ಒಂದು ಸೇವೆಯ ಡೇಟಾಬೇಸ್ ನನ್ನ ಪಾಲಿನ ಕೆಲಸ. ಬಳಕೆದಾರರಲ್ಲಿ ಹೆಚ್ಚಿನವರು ವಿಜಯಪುರ ಜಿಲ್ಲೆಯವರು. ಅವರು ಕೇಳುವುದು ಒಂದೇ ಪ್ರಶ್ನೆ: ನಾನಿರುವ ಜಾಗದಿಂದ ಇಂತಿಷ್ಟು ದೂರದೊಳಗೆ ಯಾರ ಟ್ರ್ಯಾಕ್ಟರ್ ಇದೆ?

ಡೇಟಾಬೇಸಿನ ಸಾಮಾನ್ಯ ಇಂಡೆಕ್ಸ್‌ಗೆ ಈ ಪ್ರಶ್ನೆ ಒಗ್ಗುವುದಿಲ್ಲ. ಇಂಡೆಕ್ಸ್ ಎಂದರೆ ಮೌಲ್ಯಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿಟ್ಟ ಪಟ್ಟಿ, ನೆಲಕ್ಕೋ ಎರಡು ದಿಕ್ಕು. ಅಕ್ಷಾಂಶದ ಮೇಲೆ ಇಂಡೆಕ್ಸ್ ಕಟ್ಟಿದರೆ ಪೂರ್ವದಿಂದ ಪಶ್ಚಿಮಕ್ಕೆ ಚಾಚಿದ ಒಂದು ಪಟ್ಟೆಯಲ್ಲಿರುವ ಟ್ರ್ಯಾಕ್ಟರುಗಳೆಲ್ಲ ಕೈಗೆ ಬರುತ್ತವೆ. ಆ ರಾಶಿಯಿಂದ ರೇಖಾಂಶ ಹೊಂದುವವನ್ನು ಒಂದೊಂದಾಗಿ ಆರಿಸಬೇಕಾಗುತ್ತದೆ. ಎರಡು ಸಂಖ್ಯೆಗಳನ್ನು ಹೆಣೆದು ಒಂದು ಪುಟ್ಟ ಪದ ಮಾಡಿಕೊಂಡರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ಆ ಪದವೇ ಜಿಯೋಹ್ಯಾಶ್. ಗುಸ್ತಾವೊ ನೀಮೆಯರ್ 2008ರಲ್ಲಿ ಇದನ್ನು ಎಲ್ಲರ ಬಳಕೆಗೆ ಮುಕ್ತವಾಗಿ ಕೊಟ್ಟರು. ಬಿಟ್‌ಗಳನ್ನು ಹೀಗೆ ಹೆಣೆಯುವ ಉಪಾಯವನ್ನು ಐಬಿಎಂನ ಜಿ. ಎಂ. ಮಾರ್ಟನ್ 1966ರಲ್ಲೇ ಬರೆದಿಟ್ಟಿದ್ದರು.

1. ಲೈಬ್ರರಿ ಹಾಕುವ ಮೊದಲು ಒಂದು ಅಕ್ಷರವನ್ನು ಕೈಯಿಂದ ಲೆಕ್ಕ ಮಾಡಿ

ಜಿಯೋಹ್ಯಾಶ್ ಲೆಕ್ಕ ಹಾಕುವ ಲೈಬ್ರರಿ ಬಹುತೇಕ ಎಲ್ಲ ಭಾಷೆಗಳಲ್ಲೂ ಸಿಗುತ್ತದೆ. ಆದರೂ ಮೊದಲ ಅಕ್ಷರವನ್ನಾದರೂ ಕಾಗದದ ಮೇಲೆ ಮಾಡಿ ನೋಡಿದರೆ ಮುಂದಿನ ಪಾಠಗಳೆಲ್ಲ ಸಲೀಸು.

ವಿಜಯಪುರದ ಬಳಿಯ ಒಂದು ಬಿಂದು ತೆಗೆದುಕೊಳ್ಳೋಣ: ಅಕ್ಷಾಂಶ 16.8748, ರೇಖಾಂಶ 75.7100. ರೇಖಾಂಶದಿಂದ ಶುರು. ಭೂಮಿಯನ್ನು ಉದ್ದಕ್ಕೆ ಎರಡು ಭಾಗ ಮಾಡಿದರೆ ನಮ್ಮ ಬಿಂದು ಪೂರ್ವದ ಅರ್ಧದಲ್ಲಿದೆ, ಆದ್ದರಿಂದ 1. ಈಗ ಅಕ್ಷಾಂಶದ ಸರದಿ: ಬಿಂದು ಉತ್ತರಾರ್ಧದಲ್ಲಿದೆ, ಮತ್ತೆ 1. ಮರಳಿ ರೇಖಾಂಶಕ್ಕೆ: 0ಯಿಂದ 180ರ ನಡುವೆ ಅರ್ಧ ಮಾಡಿದರೆ 75.71 ಕೆಳಗಿನ ಅರ್ಧಕ್ಕೆ ಬೀಳುತ್ತದೆ, ಅಂದರೆ 0. ಅಕ್ಷಾಂಶ 0ಯಿಂದ 90ರ ನಡುವಿನ ಕೆಳಗಿನ ಅರ್ಧದಲ್ಲಿದೆ, ಮತ್ತೆ 0. ರೇಖಾಂಶ 0ಯಿಂದ 90ರ ನಡುವೆ ಮೇಲಿನ ಅರ್ಧದಲ್ಲಿದೆ, ಹಾಗಾಗಿ 1. ಐದು ಬಿಟ್ ಸೇರಿ `11001`, ಅಂದರೆ 25.

ಪ್ರತಿ ಐದು ಬಿಟ್‌ಗೆ ಒಂದು ಅಕ್ಷರ. ಅಕ್ಷರಗಳ ಸಾಲು ಇದು: `0123456789bcdefghjkmnpqrstuvwxyz`. ಇದರಲ್ಲಿ a, i, l, o ಇಲ್ಲ. ಸೊನ್ನೆಯಿಂದ ಎಣಿಸಿದರೆ 25ನೆಯದು `t`. ಹೀಗೇ ಮುಂದುವರಿಸಿದರೆ ಆರು ಅಕ್ಷರಕ್ಕೆ ಈ ಬಿಂದುವಿನ ಕೋಡ್ `tdvzfz`.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಜಿಯೋಹ್ಯಾಶ್ ಹೆಸರಿಸುವುದು ಬಿಂದುವನ್ನಲ್ಲ, ಒಂದು ಖಾನೆಯನ್ನು. ಅಕ್ಷರ ಒಂದು ಹೆಚ್ಚಾದಂತೆಲ್ಲ ಖಾನೆ 32 ಭಾಗವಾಗಿ ಒಡೆದು ಚಿಕ್ಕದಾಗುತ್ತದೆ. ಕೊನೆಯ ಅಕ್ಷರ ಅಳಿಸಿದರೆ ಅದನ್ನು ಒಳಗೊಂಡ ದೊಡ್ಡ ಖಾನೆ ಸಿಗುತ್ತದೆ.

2. ಮೊದಲ ಅಕ್ಷರಗಳು ಒಂದೇ ಆದರೆ ಹತ್ತಿರ. ಹತ್ತಿರ ಇದ್ದ ಮಾತ್ರಕ್ಕೆ ಒಂದೇ ಆಗಬೇಕಿಲ್ಲ

ಈ ಎರಡು ಮಾತುಗಳ ನಡುವಿನ ವ್ಯತ್ಯಾಸದಲ್ಲೇ ಹೆಚ್ಚಿನ ದೋಷಗಳು ಹುಟ್ಟುತ್ತವೆ. ವಿಜಯಪುರ ಅದಕ್ಕೆ ಹೇಳಿಮಾಡಿಸಿದ ಊರು.

ಕೋಡಿನ ಎರಡನೆಯ ಅಕ್ಷರ ಬದಲಾಗುವ ಗೆರೆಗಳಲ್ಲಿ ಒಂದು ಸರಿಯಾಗಿ 16.875 ಡಿಗ್ರಿ ಅಕ್ಷಾಂಶದಲ್ಲಿದೆ. ಗೋಲಗುಮ್ಮಟ ಇರುವುದು 16.83ರಲ್ಲಿ. ಅಲ್ಲಿಂದ ನೇರ ಉತ್ತರಕ್ಕೆ ಸುಮಾರು 5 ಕಿ.ಮೀ. ಹೋದರೆ ಈ ಗೆರೆ ದಾಟುತ್ತೇವೆ. ನೆಲದ ಮೇಲೆ ಅಲ್ಲಿ ಏನೂ ಕಾಣುವುದಿಲ್ಲ, ಬರೀ ಹೊಲ ಮತ್ತು ರಸ್ತೆ. ಗೆರೆಯ ದಕ್ಷಿಣಕ್ಕಿರುವ ಕೋಡುಗಳೆಲ್ಲ `td` ಎಂದು, ಉತ್ತರಕ್ಕಿರುವವೆಲ್ಲ `te` ಎಂದು ಶುರುವಾಗುತ್ತವೆ.

ನಮ್ಮ ರೈತ 16.8748ರಲ್ಲಿ ನಿಂತಿದ್ದಾನೆ, ಕೋಡ್ `tdvzfz`. ಅದೇ ರೇಖಾಂಶದಲ್ಲಿ 16.8752ರಲ್ಲಿ ಒಂದು ಟ್ರ್ಯಾಕ್ಟರ್ ನಿಂತಿದೆ, ಅದರ ಕೋಡ್ `tejb4b`. ಇಬ್ಬರ ನಡುವೆ ಇರುವುದು ಸುಮಾರು 44 ಮೀಟರ್, ಕೂಗಿದರೆ ಕೇಳಿಸುವಷ್ಟು. ಕೋಡಿನಲ್ಲಿ ಒಂದಾಗಿರುವುದು ಮೊದಲ ಅಕ್ಷರ ಮಾತ್ರ. ಇತ್ತ ಮಂಗಳೂರು 400 ಕಿ.ಮೀ.ಗೂ ಆಚೆ ಇದೆ, ಆದರೆ ಅದರ ಕೋಡಿನ ಶುರು `td`. ಅಕ್ಷರ ಎಣಿಸಿ ದೂರ ಅಳೆಯುವವರ ಲೆಕ್ಕದಲ್ಲಿ ನಮ್ಮ ರೈತನಿಗೆ ಎದುರಿನ ಟ್ರ್ಯಾಕ್ಟರಿಗಿಂತ ಮಂಗಳೂರೇ ಹತ್ತಿರ!

ಇಂಥ ದೋಷ ಲಾಗ್‌ನಲ್ಲಿ ಎರರ್ ಆಗಿ ಬರುವುದಿಲ್ಲ. ಕ್ವೆರಿ ಚೆನ್ನಾಗಿಯೇ ಓಡುತ್ತದೆ, ಒಂದಷ್ಟು ಉತ್ತರವೂ ಬರುತ್ತದೆ, ಬರಬೇಕಾದವು ಕೆಲವು ಬರುವುದಿಲ್ಲ, ಅಷ್ಟೆ. ಸುದ್ದಿ ತಲುಪುವುದು ಫೋನಿನಲ್ಲಿ: “ಎದುರಿನ ಹೊಲದವ್ರ ಮೊಬೈಲಿನ್ಯಾಗ ನಮ್ಮ ಟ್ರ್ಯಾಕ್ಟರ್ ಕಾಣಂಗಿಲ್ರೀ ಸರ.” ಇಂಥ ದೂರು ಒಂದೇ ಊರಿನ ಸುತ್ತ ಪದೇ ಪದೇ ಬಂದರೆ ಮೊದಲು ಆ ಊರಿನ ಕೋಡುಗಳನ್ನು ನಕ್ಷೆಯ ಮೇಲೆ ಹಾಕಿ, ಗೆರೆ ಎಲ್ಲಿ ಹಾದುಹೋಗಿದೆ ನೋಡಿ.

ವಿಜಯಪುರದ ಗೆರೆ ದೊಡ್ಡದು, ಆದ್ದರಿಂದ ಎದ್ದು ಕಾಣುತ್ತದೆ. ಚಿಕ್ಕ ಗೆರೆಗಳು ಎಲ್ಲ ಊರಲ್ಲೂ ಇವೆ. ಇನ್ನೂ ದೊಡ್ಡದು ಬೇಕೆಂದರೆ ಲಂಡನ್ನಿನ ಗ್ರೀನ್‌ವಿಚ್ ನೋಡಿ: ರೇಖಾಂಶ ಸೊನ್ನೆಯ ಪಶ್ಚಿಮಕ್ಕೆ `gcp`, ಪೂರ್ವಕ್ಕೆ `u10`. ಅಲ್ಲಿ ಮೊದಲ ಅಕ್ಷರವೂ ಕೂಡುವುದಿಲ್ಲ.

3. ಒಂದು ಖಾನೆ ಸಾಲದು, ಒಂಬತ್ತು ಕೇಳಿ. ಆಮೇಲೆ ದೂರ ಅಳೆಯಿರಿ

ಇದಕ್ಕೆ ಪರಿಹಾರ ಸರಳ. ರೈತನಿರುವ ಖಾನೆಯ ಜೊತೆಗೆ ಸುತ್ತಲಿನ ಎಂಟನ್ನೂ ಕೇಳಬೇಕು. ನೆರೆಯ ಖಾನೆಗಳನ್ನು ಕಂಡುಹಿಡಿಯಲು ಕೋಡನ್ನು ಬಿಚ್ಚಿ ಖಾನೆಯ ನಡುಬಿಂದು ತೆಗೆದುಕೊಂಡು, ಒಂದು ಖಾನೆಯಷ್ಟು ಅಕ್ಷಾಂಶ, ರೇಖಾಂಶ ಕೂಡಿಸಿ ಇಲ್ಲವೆ ಕಳೆದು, ಮತ್ತೆ ಕೋಡ್ ಮಾಡಿದರಾಯಿತು. ಕೋಡಿನ ಕೊನೆಯ ಅಕ್ಷರವನ್ನು ಹಿಂದೆ ಮುಂದೆ ಮಾಡಿ ನೆರೆಯನ್ನು ಊಹಿಸಲು ಹೋಗಬೇಡಿ, ಅಕ್ಷರಗಳ ಕ್ರಮ ನಕ್ಷೆಯ ಮೇಲೆ ಅಂಕುಡೊಂಕಾಗಿ ಓಡುತ್ತದೆ.

ನಮ್ಮ ರೈತನಿಗೆ 500 ಮೀಟರ್ ಒಳಗಿನ ಟ್ರ್ಯಾಕ್ಟರ್ ಬೇಕು ಎಂದುಕೊಳ್ಳೋಣ. ಆರು ಅಕ್ಷರದ ಕೋಡನ್ನು `g6` ಎಂಬ ಕಾಲಂನಲ್ಲಿ ಇಟ್ಟಿದ್ದರೆ ಕ್ವೆರಿ ಹೀಗಿರುತ್ತದೆ. ಮೇಲಿನ ಸಾಲು ಉತ್ತರ, ಕೆಳಗಿನದು ದಕ್ಷಿಣ, ನಡುವೆ ಇರುವುದು ರೈತನ ಖಾನೆ:

```sql
SELECT id, lat, lon
FROM tractor
WHERE g6 IN ('tejb48', 'tejb4b', 'tejb50',
             'tdvzfx', 'tdvzfz', 'tdvzgp',
             'tdvzfw', 'tdvzfy', 'tdvzgn');
```

ಉತ್ತರದ ಮೂರೂ ಖಾನೆಗಳ ಹೆಸರು ಹೇಗೆ ಬೇರೆಯೇ ಆಗಿದೆ ನೋಡಿ. ಪೂರ್ವದ ನೆರೆಯಲ್ಲಿಯೂ ಐದನೆಯ ಅಕ್ಷರ `f` ಹೋಗಿ `g` ಬಂದಿದೆ. ಎದುರಿನ ಟ್ರ್ಯಾಕ್ಟರ್ ಈಗ `tejb4b` ಮೂಲಕ ಸಿಗುತ್ತದೆ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಈ ಒಂಬತ್ತು ಖಾನೆ ಸೇರಿ ಸುಮಾರು ಮೂರೂವರೆ ಕಿ.ಮೀ. ಅಗಲ, 1.8 ಕಿ.ಮೀ. ಎತ್ತರದ ಆಯತವಾಗುತ್ತದೆ, ಕೇಳಿದ್ದು 500 ಮೀಟರ್ ತ್ರಿಜ್ಯದ ವೃತ್ತ. ಜಿಯೋಹ್ಯಾಶ್ ಒಂದು ಜರಡಿ ಮಾತ್ರ: ಬೇಡದ್ದರಲ್ಲಿ ಹೆಚ್ಚಿನದನ್ನು ಉದುರಿಸುತ್ತದೆ, ಎಲ್ಲವನ್ನೂ ಅಲ್ಲ. ಉಳಿದ ಪ್ರತಿ ಸಾಲಿಗೂ ಹ್ಯಾವರ್ಸೈನ್ ಸೂತ್ರದಿಂದ ನಿಜವಾದ ದೂರ ಲೆಕ್ಕ ಹಾಕಿ, 500 ಮೀಟರ್ ದಾಟಿದ್ದನ್ನು ಬಿಟ್ಟು, ದೂರದ ಕ್ರಮದಲ್ಲಿ ಜೋಡಿಸಬೇಕು. ಇದಕ್ಕಾಗಿಯೇ ಟೇಬಲ್‌ನಲ್ಲಿ ಅಸಲು ಅಕ್ಷಾಂಶ, ರೇಖಾಂಶ ಎರಡನ್ನೂ ಇಟ್ಟುಕೊಳ್ಳಬೇಕು. ಕೋಡ್ ಇದೆಯಲ್ಲ ಎಂದು ಅವನ್ನು ತೆಗೆದುಹಾಕಿದರೆ ದೂರ ಅಳೆಯಲು ಏನೂ ಉಳಿಯುವುದಿಲ್ಲ.

4. ಎಷ್ಟು ಅಕ್ಷರ ಎಂಬುದನ್ನು ತ್ರಿಜ್ಯ ಹೇಳಲಿ

ಎಷ್ಟು ಅಕ್ಷರ ಇಡಬೇಕು ಎಂದು ಹೊಸಬರು ಕೇಳುತ್ತಾರೆ. ಟೇಬಲ್‌ನಲ್ಲಿ ಒಂಬತ್ತು ಅಕ್ಷರ ಇಟ್ಟರೂ ತೊಂದರೆಯಿಲ್ಲ. ಕ್ವೆರಿಯಲ್ಲಿ ಎಷ್ಟು ಅಕ್ಷರ ಬಳಸಬೇಕು ಎಂಬುದೇ ಅಸಲು ಪ್ರಶ್ನೆ.

ವಿಜಯಪುರದ ಅಕ್ಷಾಂಶದಲ್ಲಿ ಖಾನೆಗಳ ಅಳತೆ ಹೀಗಿದೆ. ಐದು ಅಕ್ಷರದ ಖಾನೆ ಸುಮಾರು 4.7 ಕಿ.ಮೀ. ಅಗಲ, 4.9 ಕಿ.ಮೀ. ಎತ್ತರ. ಆರು ಅಕ್ಷರದ್ದು 1.17 ಕಿ.ಮೀ. ಅಗಲ, 0.61 ಕಿ.ಮೀ. ಎತ್ತರ. ಏಳು ಅಕ್ಷರದ್ದು ಹೆಚ್ಚುಕಡಿಮೆ 150 ಮೀಟರಿನ ಚೌಕ. ಬೆಸ ಅಕ್ಷರಗಳಿಗೆ ಚೌಕ, ಸಮ ಅಕ್ಷರಗಳಿಗೆ ಅಡ್ಡ ಆಯತ. ಬಿಟ್‌ಗಳ ಸರದಿ ರೇಖಾಂಶದಿಂದ ಶುರುವಾಗುವುದರಿಂದ ಹೀಗಾಗುತ್ತದೆ.

ಒಂಬತ್ತು ಖಾನೆಯ ಉಪಾಯ ನಂಬಿಕೆಗೆ ಅರ್ಹವಾಗುವುದು ಖಾನೆಯ ಚಿಕ್ಕ ಬದಿ ತ್ರಿಜ್ಯಕ್ಕಿಂತ ಕಡಿಮೆ ಇಲ್ಲದಿದ್ದಾಗ ಮಾತ್ರ. 500 ಮೀಟರಿಗೆ ಆರು ಅಕ್ಷರ ಸಾಕು, ಏಕೆಂದರೆ ಚಿಕ್ಕ ಬದಿ 610 ಮೀಟರ್. 3 ಕಿ.ಮೀ.ಗೆ ಐದು ಅಕ್ಷರ ಸಾಕು.

ತೊಡಕಾಗುವುದು ನಡುವಿನ ಅಳತೆಗಳಲ್ಲಿ. ರೈತ 1 ಕಿ.ಮೀ. ಕೇಳಿದರೆ? ಆರು ಅಕ್ಷರದ ಒಂಬತ್ತು ಖಾನೆ ಸಾಲದು. ರೈತ ತನ್ನ ಖಾನೆಯ ಉತ್ತರದ ಅಂಚಿನಲ್ಲಿದ್ದರೆ ಮೇಲೆ ಸಿಗುವುದು 610 ಮೀಟರ್ ಮಾತ್ರ, ಅದರಾಚೆಗಿನ ಟ್ರ್ಯಾಕ್ಟರುಗಳು ತಪ್ಪಿಹೋಗುತ್ತವೆ. ಐದು ಅಕ್ಷರಕ್ಕೆ ಇಳಿದರೆ ಉತ್ತರ ಸರಿ, ಆದರೆ ಒಂಬತ್ತು ಖಾನೆಯ ವಿಸ್ತೀರ್ಣ ಸುಮಾರು 205 ಚದರ ಕಿ.ಮೀ. ಕೇಳಿದ ವೃತ್ತ 3.14 ಚದರ ಕಿ.ಮೀ. ಅಂದರೆ ಬೇಕಾದ್ದಕ್ಕಿಂತ 65 ಪಟ್ಟು ನೆಲವನ್ನು ಓದಿದಂತಾಯಿತು. ವಿಜಯಪುರ ನಗರವೂ ಅದರೊಳಗೆ ಬಂದರೆ ಹೊರೆ ಇನ್ನೂ ಜಾಸ್ತಿ.

ಹೀಗಾಗಿ ನಾನು ಒಂಬತ್ತು ಎಂಬ ಸಂಖ್ಯೆಗೆ ಅಂಟಿಕೊಳ್ಳುವುದಿಲ್ಲ. ವೃತ್ತವನ್ನು ಸುತ್ತುವರಿಯುವ ಆಯತವನ್ನು ಮೊದಲು ಲೆಕ್ಕ ಹಾಕಿ, ಅದನ್ನು ಮುಟ್ಟುವ ಖಾನೆಗಳನ್ನೆಲ್ಲ ಪಟ್ಟಿ ಮಾಡುತ್ತೇನೆ. 1 ಕಿ.ಮೀ.ಗೆ ಆರು ಅಕ್ಷರದಲ್ಲಿ ಅಡ್ಡ ಮೂರು, ಉದ್ದ ಐದು, ಹೆಚ್ಚೆಂದರೆ ಹದಿನೈದು ಖಾನೆ. ವಿಸ್ತೀರ್ಣ ಸುಮಾರು 10.7 ಚದರ ಕಿ.ಮೀ., ಬೇಕಾದ್ದರ ಮೂರೂವರೆ ಪಟ್ಟು. ಖಾನೆ ಆರು ಹೆಚ್ಚಾಯಿತು, ಓದುವ ನೆಲ ಹತ್ತೊಂಬತ್ತು ಪಟ್ಟು ಕಡಿಮೆಯಾಯಿತು. ಅತ್ತ ಏಳು ಅಕ್ಷರಕ್ಕೆ ಹೋದರೆ ಇದೇ ಕ್ವೆರಿಗೆ ಇನ್ನೂರಕ್ಕೂ ಹೆಚ್ಚು ಖಾನೆ ಬೇಕಾಗುತ್ತದೆ, ಅದರಿಂದ ಲಾಭವಿಲ್ಲ.

5. ಇಂಡೆಕ್ಸ್ ಯಾವ ಕ್ರಮದಲ್ಲಿ ಜೋಡಿಸುತ್ತದೆ ಎಂದು ನೋಡಿಕೊಳ್ಳಿ

ಒಂದೇ ಉದ್ದದ ಕೋಡುಗಳನ್ನು `IN` ಹಾಕಿ ಕೇಳಿದರೆ ಯಾವ ಇಂಡೆಕ್ಸ್ ಆದರೂ ನಡೆಯುತ್ತದೆ. ಬೇರೆ ಬೇರೆ ತ್ರಿಜ್ಯಕ್ಕೆ ಬೇರೆ ಬೇರೆ ಉದ್ದ ಬೇಕಾದಾಗ ಒಂಬತ್ತು ಅಕ್ಷರದ ಒಂದೇ ಕಾಲಂ ಇಟ್ಟು, ಶುರುವಿನ ಅಕ್ಷರಗಳ ಮೇಲೆ ವ್ಯಾಪ್ತಿ ಹಾಕಿ ಕೇಳುವುದು ರೂಢಿ:

```sql
WHERE geohash BETWEEN 'tdvzfz' AND 'tdvzfz~'
```

ಆಸ್ಕಿ ಕ್ರಮದಲ್ಲಿ `~` ಚಿಹ್ನೆ `z` ನಂತರ ಬರುತ್ತದೆ. ಆದ್ದರಿಂದ `tdvzfz` ಎಂದು ಶುರುವಾಗುವ ಎಲ್ಲ ಕೋಡುಗಳೂ ಈ ವ್ಯಾಪ್ತಿಯೊಳಗೆ ಬೀಳುತ್ತವೆ. ಆದರೆ ಡೇಟಾಬೇಸ್ ಆಸ್ಕಿ ಕ್ರಮದಲ್ಲೇ ಹೋಲಿಸುತ್ತದೆ ಎಂಬ ಖಾತರಿ ಇಲ್ಲ. ಮೈಎಸ್‌ಕ್ಯೂಎಲ್ 8ರ ಡಿಫಾಲ್ಟ್ ಕೊಲೇಶನ್ `utf8mb4_0900_ai_ci` ಚಿಹ್ನೆಗಳನ್ನು ಅಕ್ಷರ, ಅಂಕಿಗಳಿಗಿಂತ ಮೊದಲು ಇಡುತ್ತದೆ. ಅಲ್ಲಿ `tdvzfz~` ಎಂಬುದು `tdvzfz0`ಗಿಂತಲೂ ಮುಂಚೆ ಬರುವುದರಿಂದ ಒಂಬತ್ತು ಅಕ್ಷರದ ಕೋಡು ಒಂದೂ ಸಿಗುವುದಿಲ್ಲ. ಕಾಲಂ ಅನ್ನು `ascii_bin` ಮಾಡಿದರೆ ಸರಿಹೋಗುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂಗೆ `COLLATE "C"` ಹಾಕಿ. ಹಾಕದಿದ್ದರೆ ಇನ್ನೊಂದು ಪೆಟ್ಟೂ ಇದೆ: ಬೇರೆ ಕೊಲೇಶನ್ ಇರುವ ಸಾಮಾನ್ಯ ಇಂಡೆಕ್ಸ್ ಅನ್ನು `LIKE 'tdvzf%'` ಬಳಸಿಕೊಳ್ಳುವುದಿಲ್ಲ, ಟೇಬಲ್ ಪೂರ್ತಿ ಓದುತ್ತದೆ. ಉತ್ತರ ಸರಿಯಾಗಿಯೇ ಬರುವುದರಿಂದ ಸಾಲುಗಳು ಕಡಿಮೆ ಇರುವಾಗ ಯಾರ ಗಮನಕ್ಕೂ ಬರುವುದಿಲ್ಲ. ಸಾಲುಗಳು ಹೆಚ್ಚಿರುವ ಟೇಬಲ್ ಮೇಲೆ `EXPLAIN` ಓಡಿಸಿ, `Seq Scan` ಎಂದು ಕಂಡರೆ ಕಾರಣ ಹೆಚ್ಚಾಗಿ ಇದೇ.

ಡೈನಮೊಡಿಬಿಯಂಥ ಡೇಟಾಬೇಸಿನಲ್ಲಿ ಪಾರ್ಟಿಶನ್ ಕೀಗೆ ಸಮಾನ ಹೋಲಿಕೆ ಮಾತ್ರ ಸಾಧ್ಯ. ಅಲ್ಲಿ ಐದು ಅಕ್ಷರದ ಕೋಡನ್ನು ಪಾರ್ಟಿಶನ್ ಕೀ ಮಾಡಿ, ಪೂರ್ಣ ಕೋಡನ್ನು ಸಾರ್ಟ್ ಕೀ ಮಾಡುವುದು ವಾಡಿಕೆ. ಬೆಂಗಳೂರಿನ ನಡುಭಾಗ ಒಂದೇ ಖಾನೆಗೆ ಬಿದ್ದರೆ ಆ ಒಂದು ಪಾರ್ಟಿಶನ್ ಮೇಲೆ ಭಾರವೆಲ್ಲ ಬೀಳುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಖಾನೆಗಳ ಅಳತೆ ಹೆಚ್ಚುಕಡಿಮೆ ಸಮ, ಜನ ಇರುವುದು ಸಮವಲ್ಲ.

6. ಗುಂಪು ಮಾಡಲು ಸುಲಭ, ಗುಂಪಿನ ಅರ್ಥ ಹೇಳುವುದು ಕಷ್ಟ

ನಕ್ಷೆಯ ಮೇಲೆ ಸಾವಿರಾರು ಗುರುತು ಹಾಕುವ ಬದಲು ಹತ್ತಿರದವನ್ನು ಕೂಡಿಸಿ ಒಂದು ವೃತ್ತ, ಅದರೊಳಗೆ ಒಂದು ಸಂಖ್ಯೆ ತೋರಿಸಬೇಕೆಂದರೆ ಜಿಯೋಹ್ಯಾಶ್‌ನಷ್ಟು ಅಗ್ಗದ ದಾರಿ ಬೇರಿಲ್ಲ:

```sql
SELECT left(geohash, 5) AS g5, count(*),
       avg(lat), avg(lon)
FROM tractor
GROUP BY left(geohash, 5);
```

ನಕ್ಷೆ ದೂರ ಸರಿದಾಗ 5ರ ಜಾಗದಲ್ಲಿ 4, ಹತ್ತಿರ ಬಂದಾಗ 6. ವೃತ್ತವನ್ನು ಖಾನೆಯ ನಡುಬಿಂದುವಿನಲ್ಲಿ ಇಡದೆ ಮೇಲಿನಂತೆ ಸರಾಸರಿ ಬಿಂದುವಿನಲ್ಲಿ ಇಡಿ. ನಡುಬಿಂದುವಿನಲ್ಲಿ ಇಟ್ಟರೆ ನಕ್ಷೆ ಗೆರೆ ಎಳೆದು ರಂಗೋಲಿ ಚುಕ್ಕಿ ಇಟ್ಟಂತೆ ಕಾಣುತ್ತದೆ, ಕೆಲವು ಗುರುತುಗಳು ಕೆರೆಯ ನಡುವೆ ಹೋಗಿ ಕೂರುತ್ತವೆ.

ಆದರೆ ಈ ಗುಂಪುಗಳಿಂದ ತೀರ್ಮಾನ ತೆಗೆಯುವಾಗ ಎಚ್ಚರ ಬೇಕು. ಗೋಲಗುಮ್ಮಟವನ್ನೇ ನೋಡಿ. ಅದರ ಐದಕ್ಷರದ ಖಾನೆ `tdvze`. ಆ ಖಾನೆಯ ಉತ್ತರದ ಅಂಚು ಗುಮ್ಮಟದಿಂದ ನೂರಿನ್ನೂರು ಮೀಟರಿನೊಳಗೇ ಹಾದುಹೋಗುತ್ತದೆ. ಅದರ ಸುತ್ತಲಿನ ಅಂಗಡಿ, ವಾಹನಗಳನ್ನು ಎಣಿಸಿದರೆ ಒಂದು ಪಾಲು ಒಂದು ಖಾನೆಗೆ, ಇನ್ನೊಂದು ಪಾಲು ಪಕ್ಕದ್ದಕ್ಕೆ ಹಂಚಿಹೋಗಿ, ಅತಿ ದಟ್ಟವಾದ ಜಾಗವೇ ಎರಡು ಸಾಧಾರಣ ಜಾಗಗಳಂತೆ ಕಾಣಬಹುದು. ಯಾವ ಊರಲ್ಲಿ ಬೇಡಿಕೆ ಹೆಚ್ಚು ಎಂಬಂಥ ಪ್ರಶ್ನೆಗೆ ಖಾನೆ ಎಣಿಕೆಯನ್ನು ಮೊದಲ ನೋಟವಾಗಿ ಇಟ್ಟುಕೊಂಡು, ಉತ್ತರವನ್ನು ಗ್ರಾಮ ಅಥವಾ ವಾರ್ಡಿನ ಗಡಿಯ ಮೇಲೆ ತೆಗೆಯಿರಿ.

ಇನ್ನೊಂದು ಮಾತು. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಅದರಿಂದ ಖಾನೆಯ ಅಗಲ ಕುಗ್ಗುತ್ತದೆ. ಐದಕ್ಷರದ ಖಾನೆ ಕನ್ಯಾಕುಮಾರಿಯಲ್ಲಿ 4.8 ಕಿ.ಮೀ. ಅಗಲವಿದ್ದರೆ ಶ್ರೀನಗರದಲ್ಲಿ ಸುಮಾರು 4.1 ಕಿ.ಮೀ. ಒಂದೇ ಜಿಲ್ಲೆಯೊಳಗೆ ಇದು ಲೆಕ್ಕಕ್ಕಿಲ್ಲ. ದೇಶದ ನಕ್ಷೆಯಲ್ಲಿ ದಟ್ಟಣೆ ಹೋಲಿಸುವಾಗ ಎಣಿಕೆಯನ್ನು ಖಾನೆಯ ವಿಸ್ತೀರ್ಣದಿಂದ ಭಾಗಿಸಬೇಕು.

7. ಕೋಡಿನ ಮೊದಲ ಅಕ್ಷರಗಳಿಂದಲೇ ಕೆಟ್ಟ ಡೇಟಾ ಹಿಡಿಯಿರಿ, ಗೆರೆಯ ಮೇಲೆಯೇ ಪರೀಕ್ಷೆ ಮಾಡಿ

ಕರ್ನಾಟಕದ ಯಾವ ಬಿಂದುವಾದರೂ ಅದರ ಕೋಡ್ `td` ಅಥವಾ `te` ಎಂದೇ ಶುರುವಾಗಬೇಕು. ಈ ಒಂದು ನಿಯಮವನ್ನು ಟೇಬಲ್‌ಗೆ ಹಾಕಿಟ್ಟರೆ ಎರಡು ಬಗೆಯ ಕಸ ಒಳಗೆ ಬರುವುದಿಲ್ಲ.

ಮೊದಲನೆಯದು ಅದಲುಬದಲಾದ ಬಿಂದುಗಳು. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಫೋನಿನ ನಕ್ಷೆಗಳಲ್ಲಿ ಇದು ತಿರುವುಮುರುವು. ನಮ್ಮ ರೈತನ ಬಿಂದುವನ್ನು ಅದಲುಬದಲು ಮಾಡಿದರೆ ಅವನು ನಾರ್ವೆಯ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರದಲ್ಲಿರುತ್ತಾನೆ, ಕೋಡ್ `u` ಎಂದು ಶುರುವಾಗುತ್ತದೆ. ಎರಡನೆಯದು ಜಿಪಿಎಸ್ ಸಿಗದೆ ಸೊನ್ನೆ, ಸೊನ್ನೆ ಎಂದು ಬಂದ ಬಿಂದುಗಳು. ಅವುಗಳ ಕೋಡ್ `s00000000`, ಎಲ್ಲವೂ ಒಂದೇ ಖಾನೆಯಲ್ಲಿ ರಾಶಿ ಬೀಳುತ್ತವೆ. ಗುಂಪು ಮಾಡುವ ಕ್ವೆರಿಯಲ್ಲಿ ಇದು ರಾಜ್ಯದ ಅತಿ ದೊಡ್ಡ ಗುಂಪಾಗಿ ಮೇಲೆ ಬಂದು ಕೂರುವುದುಂಟು.

ಪರೀಕ್ಷೆಗೆ ನಾನು ಬಳಸುವ ಕ್ರಮ ಇದು. 16.875ರ ಗೆರೆಯ ಎರಡೂ ಬದಿಗೆ, ಕೆಲವು ನೂರು ಮೀಟರಿನೊಳಗೆ ಬಿಂದುಗಳನ್ನು ಹರಡಿ ಒಂದು ಚಿಕ್ಕ ಟೇಬಲ್ ಮಾಡುತ್ತೇನೆ. ಪ್ರತಿ ಬಿಂದುವಿನಿಂದ ಎರಡು ರೀತಿ ಹುಡುಕುತ್ತೇನೆ: ಒಮ್ಮೆ ಜಿಯೋಹ್ಯಾಶ್ ಮೂಲಕ, ಇನ್ನೊಮ್ಮೆ ಎಲ್ಲ ಸಾಲುಗಳಿಗೂ ದೂರ ಅಳೆದು. ಎರಡು ಪಟ್ಟಿಗಳಲ್ಲಿ ಒಂದು ಸಾಲು ವ್ಯತ್ಯಾಸ ಬಂದರೂ ಕ್ವೆರಿ ಹಾಗೇ ಮುಂದೆ ಹೋಗುವಂತಿಲ್ಲ. ಖಾನೆಯ ನಡುವಿನ ಬಿಂದುಗಳಿಂದ ಪರೀಕ್ಷೆ ಮಾಡಿದರೆ ಎಂಥ ಕೆಟ್ಟ ಕ್ವೆರಿಯೂ ಪಾಸಾಗುತ್ತದೆ.

ಕೊನೆಗೆ, ಇದನ್ನು ಯಾವಾಗ ಬಳಸಬಾರದು ಎಂಬುದನ್ನೂ ಹೇಳಬೇಕು. ನಿಮ್ಮ ಬಳಿ ಪೋಸ್ಟ್‌ಗ್ರೆಸ್ ಇದ್ದು ಪೋಸ್ಟ್‌ಜಿಐಎಸ್ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದಾದರೆ, ಹತ್ತಿರದ್ದನ್ನು ಹುಡುಕಲು ಅದರ ಜಿಸ್ಟ್ ಇಂಡೆಕ್ಸ್ ಮತ್ತು `ST_DWithin` ಸಾಕು. ನೆರೆಯ ಖಾನೆಗಳ ತಲೆನೋವು ಅಲ್ಲಿಲ್ಲ, ಹೊಲದ ಗಡಿಯಂಥ ಆಕಾರಗಳನ್ನೂ ಅದು ನಿಭಾಯಿಸುತ್ತದೆ. ರೆಡಿಸ್ ಬಳಸುವವರಿಗೆ ಅದರ `GEOSEARCH` ನೆರೆಯ ಖಾನೆಗಳನ್ನು ತಾನೇ ನೋಡಿಕೊಳ್ಳುತ್ತದೆ. ಒಳಗೆ ಅದೂ ಬಳಸುವುದು 52 ಬಿಟ್‌ನ ಜಿಯೋಹ್ಯಾಶನ್ನೇ. ಜೋಡಿಸಿಟ್ಟ ಕೀ ಬಿಟ್ಟು ಬೇರೇನೂ ತಿಳಿಯದ ಡೇಟಾಬೇಸ್ ನಿಮ್ಮದಾಗಿದ್ದರೆ, ಇಲ್ಲವೆ ಬೇಗ ಗುಂಪು ಮಾಡಿ ನಕ್ಷೆ ತೋರಿಸುವುದಷ್ಟೇ ಗುರಿಯಾಗಿದ್ದರೆ, ಜಿಯೋಹ್ಯಾಶ್ ಆಯ್ದುಕೊಳ್ಳಿ. ಆಯ್ದುಕೊಂಡ ಮೇಲೆ ನೆರೆಯ ಖಾನೆಗಳನ್ನು ಕೇಳುವುದನ್ನೂ ಕೊನೆಗೆ ದೂರ ಅಳೆಯುವುದನ್ನೂ ಮಾತ್ರ ಬಿಡಬೇಡಿ.